ಗುಟ್ಟಿನ ಹಾಳೆಯಲ್ಲಿ ಏನು ಬರೆಯಬೇಕು?

ಒಂದು ಕಿತ್ತಳೆ ಹಣ್ಣು, ಇಬ್ಬರು ಮಕ್ಕಳು, ಇಬ್ಬರಿಗೂ ಅದೇ ಬೇಕು. ಜಗಳ ಆಗಿ ಕೊನೆಗೆ ಹಣ್ಣನ್ನು ಸರಿಯಾಗಿ ಎರಡು ಭಾಗ ಮಾಡಿಕೊಂಡರು. ಒಬ್ಬರು ಒಳಗಿನ ತೊಳೆ ತಿಂದು ಸಿಪ್ಪೆ ಎಸೆದರು. ಇನ್ನೊಬ್ಬರು ತೊಳೆ ಎಸೆದು, ಕೇಕಿಗೆ ಹಾಕಲು ಸಿಪ್ಪೆ ಇಟ್ಟುಕೊಂಡರು. ಒಂದು ಮಾತು ಕೇಳಿದ್ದರೆ ಇಬ್ಬರಿಗೂ ಪೂರ್ತಿ ಸಿಗುತ್ತಿತ್ತು. ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ 1981ರಲ್ಲಿ ಬರೆದ ‘ಗೆಟಿಂಗ್ ಟು ಯೆಸ್’ ಪುಸ್ತಕದಿಂದ ಈ ಕಥೆ ಊರೂರು ಸುತ್ತಿತು. ಇದನ್ನೇ ಪಾತ್ರಾಭಿನಯ ಮಾಡಿ ಆಡಿಸುವ ಪಾಠವೂ ಇದೆ. ಅದರಲ್ಲಿ ಇಬ್ಬರು ವಿಜ್ಞಾನಿಗಳಿಗೆ ಒಂದೇ ಹಣ್ಣು ಬೇಕು. ಒಬ್ಬರ ಗುಟ್ಟಿನ ಹಾಳೆಯಲ್ಲಿ ರಸ ಬೇಕು ಅಂತ ಬರೆದಿರುತ್ತೆ, ಇನ್ನೊಬ್ಬರದರಲ್ಲಿ ಸಿಪ್ಪೆ ಬೇಕು ಅಂತ.

ಆಟ ಚೆನ್ನಾಗಿದೆ, ಮಕ್ಕಳು ನಗುತ್ತಾರೆ, ಹತ್ತು ನಿಮಿಷದಲ್ಲಿ ಮುಗಿಯುತ್ತೆ. ಆದರೂ ನನ್ನ ಅಭಿಪ್ರಾಯದಲ್ಲಿ ಅಲ್ಲಿಗೇ ನಿಲ್ಲಿಸಿದರೆ ತಪ್ಪು ಪಾಠ ಕಲಿಸಿದ ಹಾಗೆ. ಜಗಳ ಅಂದರೆ ಬರೀ ತಪ್ಪು ತಿಳಿವಳಿಕೆ, ಗುಟ್ಟು ಬಿಚ್ಚಿದರೆ ಎಲ್ಲರಿಗೂ ಎಲ್ಲಾ ಸಿಗುತ್ತೆ ಅಂತ ಆ ಕಥೆ ಹೇಳುತ್ತೆ. ನಿಜವಾದ ವ್ಯವಹಾರ ಹಾಗಿರೋದಿಲ್ಲ. ಅಲ್ಲಿ ಕೆಲವು ವಿಷಯದಲ್ಲಿ ನಿಜವಾದ ಎಳೆದಾಟ ಇರುತ್ತೆ, ಕೆಲವು ವಿಷಯದಲ್ಲಿ ಇಬ್ಬರ ಅಗತ್ಯ ಬೇರೆ ಬೇರೆ ಇರುತ್ತೆ, ಕೆಲವು ವಿಷಯದಲ್ಲಿ ಇಬ್ಬರಿಗೂ ಒಂದೇ ಬೇಕಿದ್ದರೂ ಗೊತ್ತಿರೋದಿಲ್ಲ. ಈ ಮೂರೂ ಒಂದೇ ಮಾತುಕತೆಯಲ್ಲಿ ಕಲೆತಿರುತ್ತವೆ. ಆದ್ದರಿಂದ ಪಾತ್ರಾಭಿನಯದ ಹಾಳೆಯಲ್ಲೂ ಮೂರೂ ಇರಬೇಕು. ಅಂಥ ಹಾಳೆಯನ್ನು ನೀವೇ, ಅಂದರೆ ವಿದ್ಯಾರ್ಥಿಗಳೇ, ಬರೆಯಬಹುದು. ಹೇಗೆ ಅಂತ ಒಂದು ಉದಾಹರಣೆಯಲ್ಲಿ ನೋಡೋಣ.

ರಾಯದುರ್ಗ, ಮಡಕಶಿರಾ ಸೀಮೆಯವರಿಗೆ ಶೇಂಗಾ ಹೊಸದಲ್ಲ. ಕೆಲವರು ಕಡಲೆಕಾಯಿ ಅನ್ನುತ್ತೀರಿ, ಬೆಳೆ ಒಂದೇ. ಒಬ್ಬ ರೈತರ ಹತ್ತಿರ 200 ಕೆಜಿ ಶೇಂಗಾ ಬೀಜ ಇದೆ. ಅದನ್ನು ಊರಿನ ಗಾಣದಲ್ಲಿ ಎಣ್ಣೆ ಮಾಡಿಸಬೇಕು. ಬೀಜದಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಎಣ್ಣೆ ಬರುತ್ತೆ, ಉಳಿದದ್ದು ಹಿಂಡಿ. ಇಲ್ಲಿ ಹಿಂಡಿ 100 ಕೆಜಿ ಅಂತ ಇಟ್ಟುಕೊಳ್ಳೋಣ. ಇಬ್ಬರೂ ನಾಲ್ಕು ವಿಷಯ ತೀರ್ಮಾನ ಮಾಡಬೇಕು: ಅರೆಯುವ ಕೂಲಿ ಎಷ್ಟು, ಹಿಂಡಿ ಯಾರಿಗೆ, ಯಾವಾಗ ಅರೆಯುವುದು, ಎಣ್ಣೆಯನ್ನು ಅವತ್ತೇ ಕೊಡುವುದೋ ಇಲ್ಲಾ ಮೂರು ದಿನ ಗಾಣದಲ್ಲೇ ಇಟ್ಟು ತಿಳಿಯಾದ ಮೇಲೆ ಕೊಡುವುದೋ. ಈ ನಾಲ್ಕು ವಿಷಯ ಇಬ್ಬರ ಹಾಳೆಯಲ್ಲೂ ಒಂದೇ ಥರ ಇರುತ್ತೆ. ಅದರ ಕೆಳಗೆ ಬರೆಯುವುದು ಮಾತ್ರ ಬೇರೆ. ಇಲ್ಲಿನ ರೂಪಾಯಿಗಳು ಆಟಕ್ಕಾಗಿ ನಾನು ಇಟ್ಟ ಲೆಕ್ಕ, ಪೇಟೆಯ ದರವಲ್ಲ.

ರೈತರ ಗುಟ್ಟಿನ ಹಾಳೆ ಹೀಗಿರಲಿ:

ಹಿಂಡಿ: ನಿಮ್ಮ ಮನೆಯಲ್ಲಿ ಎಮ್ಮೆಗಳಿವೆ. ಹಿಂಡಿ ಪೂರ್ತಿ ಸಿಕ್ಕರೆ ನಿಮಗೆ 4000 ರೂಪಾಯಿ ಉಳಿಯುತ್ತೆ, ಅರ್ಧ ಸಿಕ್ಕರೆ 2000.
ದಿನ: ದೀಪಾವಳಿಯೂ ಸೇರಿ ಈ ತಿಂಗಳು ಮನೆಗೆ 10 ಲೀಟರ್ ಎಣ್ಣೆ ಬೇಕು. ಈ ವಾರವೇ ಅರೆದುಕೊಟ್ಟರೆ ಅಂಗಡಿಯಲ್ಲಿ ಕೊಳ್ಳುವುದು ತಪ್ಪಿ 600 ಉಳಿಯುತ್ತೆ. 15 ದಿನ ಬಿಟ್ಟರೆ 300, ತಿಂಗಳು ಬಿಟ್ಟರೆ ಏನೂ ಇಲ್ಲ.
ತಿಳಿ: ಮೂರು ದಿನ ಬಿಟ್ಟರೆ ಮಡ್ಡಿ ಕೆಳಗೆ ಕೂರುತ್ತೆ, ತಿಳಿ ಎಣ್ಣೆಗೆ ಒಳ್ಳೆ ಬೆಲೆ. ನಿಮಗೆ 400 ಲಾಭ. ಅವತ್ತೇ ತಂದರೆ ಏನೂ ಇಲ್ಲ.
ಕೂಲಿ: ಕೊಟ್ಟ ಪ್ರತಿ ರೂಪಾಯಿಯನ್ನೂ ನಿಮ್ಮ ಲೆಕ್ಕದಿಂದ ಕಳೆಯಿರಿ.
ಎದ್ದು ಹೋಗುವ ಗೆರೆ: ಪೇಟೆಯ ಮಿಲ್ಲಿಗೆ ಹೋದರೆ ಹಿಂಡಿ ಪೂರ್ತಿ ನಿಮಗೇ, 15 ದಿನಕ್ಕೆ ಎಣ್ಣೆ, ಆದರೆ ಕೂಲಿ 2000, ಗಾಡಿ ಬಾಡಿಗೆ 1000. ಕೊನೆಗೆ ಉಳಿಯುವುದು 1300. ಇಲ್ಲಿ ಅದಕ್ಕಿಂತ ಕಡಿಮೆ ಬಂದರೆ ಒಪ್ಪಬೇಡಿ.

ಗಾಣದವರ ಗುಟ್ಟಿನ ಹಾಳೆ:

ಹಿಂಡಿ: ನಿಮಗೆ ಸಿಕ್ಕರೆ ವ್ಯಾಪಾರಿಗೆ ಸಗಟು ಮಾರುತ್ತೀರಿ. ಪೂರ್ತಿ ಸಿಕ್ಕರೆ 2400, ಅರ್ಧ ಸಿಕ್ಕರೆ 1200.
ದಿನ: ಈ ವಾರ ಹಬ್ಬದ ಗಿರಾಕಿಗಳ ಸಾಲು ಇದೆ. ವಾರದಲ್ಲಿ ಒಟ್ಟು 30 ಕೆಜಿ ಅರೆಯುವಷ್ಟು ಮಾತ್ರ ಹಗಲು ಬಿಡುವಿದೆ. 200 ಕೆಜಿ ಅರೆಯಬೇಕಾದರೆ ರಾತ್ರಿ ಆಳು ಇಟ್ಟು ಓಡಿಸಬೇಕು, ಅದಕ್ಕೆ 1800 ಖರ್ಚು. 15 ದಿನ ಬಿಟ್ಟರೆ 900, ತಿಂಗಳು ಬಿಟ್ಟರೆ ಹೆಚ್ಚಿನ ಖರ್ಚಿಲ್ಲ.
ತಿಳಿ: ಮೂರು ದಿನ ಬಿಟ್ಟರೆ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸುವ ಕೆಲಸ ತಪ್ಪುತ್ತೆ. ನಿಮಗೆ 200 ಉಳಿತಾಯ. ಅವತ್ತೇ ಕೊಟ್ಟರೆ ಏನೂ ಇಲ್ಲ.
ಕೂಲಿ: ಬಂದ ಪ್ರತಿ ರೂಪಾಯಿಯನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿ.
ಎದ್ದು ಹೋಗುವ ಗೆರೆ: ಕರೆಂಟು, ಆಳು ಎಲ್ಲಾ ಸೇರಿ 1000 ಆದರೂ ಬರಬೇಕು. ಅದಕ್ಕಿಂತ ಕಡಿಮೆ ಬಂದರೆ ಒಪ್ಪಬೇಡಿ.

ಇಷ್ಟೇ ಆಟ. ಈಗ ಲೆಕ್ಕ ನೋಡೋಣ. ಮೊದಲು ಗಮನಿಸಬೇಕಾದದ್ದು ಕೂಲಿ. ರೈತರು ಒಂದು ರೂಪಾಯಿ ಹೆಚ್ಚು ಕೊಟ್ಟರೆ ಗಾಣದವರಿಗೆ ಅದೇ ಒಂದು ರೂಪಾಯಿ ಹೆಚ್ಚು. ಇಬ್ಬರ ಅಂಕ ಕೂಡಿದರೆ ಕೂಲಿ ಹೊಡೆದುಹೋಗುತ್ತೆ. ಅದು ಒಂದು ಜೇಬಿಂದ ಇನ್ನೊಂದು ಜೇಬಿಗೆ ಹೋಗುತ್ತೆಯೇ ಹೊರತು ಹುಟ್ಟೋದೂ ಇಲ್ಲ, ಸಾಯೋದೂ ಇಲ್ಲ. ಉಳಿದ ಮೂರು ವಿಷಯ ಹಾಗಲ್ಲ. ಅದೇ ಹಿಂಡಿ ರೈತರ ಕೊಟ್ಟಿಗೆಗೆ ಹೋದರೆ 4000, ಗಾಣದಲ್ಲಿ ಉಳಿದರೆ 2400. ಎಲ್ಲಿಗೆ ಹೋಗುತ್ತೆ ಅನ್ನೋದರ ಮೇಲೆ 1600 ರೂಪಾಯಿ ಹುಟ್ಟುತ್ತೆ ಇಲ್ಲಾ ಹುಟ್ಟೋದಿಲ್ಲ. ಮೌಲ್ಯ ಸೃಷ್ಟಿ ಅಂದರೆ ಇಷ್ಟೇ.

ತರಗತಿಯಲ್ಲಿ ಹೆಚ್ಚಿನ ಜೋಡಿಗಳು ಮಾಡುವುದು ಏನು ಗೊತ್ತೇ? ಎಲ್ಲದರಲ್ಲೂ ಮಧ್ಯ ಹಿಡಿಯೋದು. ‘ಹಿಂಡಿ ಅರ್ಧ ನಿಂಗೆ ಅರ್ಧ ನಂಗೆ. ಈ ವಾರನೂ ಬೇಡ, ತಿಂಗಳೂ ಬೇಡ, 15 ದಿನ ಇರಲಿ.’ ತಿಳಿ ಎಣ್ಣೆಯ ಮಾತು ಬರುವುದೇ ಇಲ್ಲ. ನೋಡಿದರೆ ಬಹಳ ನ್ಯಾಯ ಅನ್ನಿಸುತ್ತೆ. ಕೂಡಿ ನೋಡಿ: ರೈತರಿಗೆ ಹಿಂಡಿಯಿಂದ 2000, ದಿನದಿಂದ 300. ಗಾಣದವರಿಗೆ ಹಿಂಡಿಯಿಂದ 1200, ದಿನದಿಂದ 900 ನಷ್ಟ. ಇಬ್ಬರದೂ ಸೇರಿ 2600. ಎರಡೂ ಗೆರೆ ದಾಟಬೇಕಾದರೆ ಕೂಲಿ 700 ಮತ್ತು 1000ದ ನಡುವೆ ಇರಬೇಕು. ಆ 300 ರೂಪಾಯಿಯ ಸಂದಿಯಲ್ಲಿ ಎಷ್ಟೋ ಜೋಡಿಗಳು ಒಪ್ಪಂದ ಮಾಡಲಾಗದೆ ಎದ್ದು ಹೋಗುತ್ತವೆ. 850ಕ್ಕೆ ಒಪ್ಪಿದರೆ ರೈತರಿಗೆ 1450, ಗಾಣದವರಿಗೆ 1150.

ಈಗ ಬೇರೆ ಥರ ಮಾಡೋಣ. ಹಿಂಡಿ ಪೂರ್ತಿ ರೈತರಿಗೆ, ಅವರಿಗೆ ಅದು ಹೆಚ್ಚು ಬೇಕು. ದಿನ ಪೂರ್ತಿ ಗಾಣದವರಿಗೆ, ಅವರಿಗೆ ಅದು ಹೆಚ್ಚು ಬೇಕು, ಅಂದರೆ ತಿಂಗಳು ಬಿಟ್ಟು ಅರೆಯಲಿ. ಎಣ್ಣೆ ಮೂರು ದಿನ ಗಾಣದಲ್ಲಿ ಇರಲಿ, ಅದು ಇಬ್ಬರಿಗೂ ಬೇಕು. ರೈತರಿಗೆ 4400, ಗಾಣದವರಿಗೆ 200, ಒಟ್ಟು 4600. ಕೂಲಿ 800ರಿಂದ 3100ರವರೆಗೆ ಎಲ್ಲಿ ನಿಂತರೂ ಇಬ್ಬರೂ ಗೆರೆ ದಾಟುತ್ತಾರೆ. ನಡುವೆ 1950ಕ್ಕೆ ಒಪ್ಪಿದರೆ ರೈತರಿಗೆ 2450, ಗಾಣದವರಿಗೆ 2150. ಮೊದಲಿನ ‘ನ್ಯಾಯ’ಕ್ಕಿಂತ ಇಬ್ಬರಿಗೂ ಸರಿಯಾಗಿ 1000 ಹೆಚ್ಚು. ಮಧ್ಯ ಹಿಡಿದ ಜೋಡಿಯಲ್ಲಿ ಗಾಣದವರು ಎಷ್ಟೇ ಗಟ್ಟಿಯಾಗಿ ಜಗ್ಗಿ 1000 ಕೂಲಿ ಗೆದ್ದರೂ ಅವರ ಕೈಗೆ ಬರುವುದು 1300. ಗೆದ್ದೆ ಅಂತ ಬೀಗಿದವರಿಗಿಂತ ಪಕ್ಕದ ಬೆಂಚಿನವರಿಗೆ 850 ಹೆಚ್ಚು ಬಂದಿರುತ್ತೆ.

ಹಾಳೆ ಬರೆಯುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ರೈತರಿಗೆ ಹಿಂಡಿ 4000 ಅಂತ ಬರೆದರೆ ಗಾಣದವರಿಗೂ 4000 ಅಂತಲೇ ಬರೆದುಬಿಡುತ್ತಾರೆ. ಹಾಗೆ ಬರೆದರೆ ಹಿಂಡಿಯನ್ನು ಹೇಗೆ ಹಂಚಿದರೂ ಒಟ್ಟು 4000ವೇ. ಅದು ಇನ್ನೊಂದು ಕೂಲಿಯಾಯಿತು, ಅಷ್ಟೇ. ಮಾತುಕತೆಯಿಂದ ಹುಟ್ಟಲು ಅಲ್ಲಿ ಏನೂ ಇಲ್ಲ. ಇದನ್ನು ತರಗತಿಗೆ ಮುಂಚೆ ಪರೀಕ್ಷೆ ಮಾಡಬಹುದು. ಕೂಲಿ ಬಿಟ್ಟರೆ ಹಿಂಡಿಗೆ 3 ದಾರಿ, ದಿನಕ್ಕೆ 3, ತಿಳಿಗೆ 2, ಒಟ್ಟು 18 ಒಪ್ಪಂದಗಳು. ಹದಿನೆಂಟಕ್ಕೂ ಇಬ್ಬರ ಅಂಕ ಕೂಡಿ ಒಂದು ಪಟ್ಟಿ ಮಾಡಿ. ನಮ್ಮ ಆಟದಲ್ಲಿ ತೀರಾ ಕಡಿಮೆ ಒಟ್ಟು 1200, ತೀರಾ ಹೆಚ್ಚು 4600. ಎರಡೂ ಗೆರೆ ಸೇರಿ 2300. ಪಟ್ಟಿಯಲ್ಲಿ ಕೆಲವು ಅದಕ್ಕಿಂತ ಕೆಳಗೆ, ಕೆಲವು ಮೇಲೆ ಇದ್ದರೆ ಆಟ ಆಡಲು ಯೋಗ್ಯ. ಎಲ್ಲಾ ಒಂದೇ ಸಂಖ್ಯೆ ಬಂದರೆ ಹಾಳೆ ಹರಿದು ಮತ್ತೆ ಬರೆಯಿರಿ.

ಎರಡನೇ ಮಾತು. ಹಾಳೆಯಲ್ಲಿ ಬರೀ ಅಂಕ ಬರೆದರೆ ಸಾಲದು, ಯಾಕೆ ಅಂತಲೂ ಬರೆಯಬೇಕು. ನಾನು ಮೊದಲು ಆಡಿಸಿದಾಗ ಬರೀ ಅಂಕಗಳಿದ್ದವು. ಮಕ್ಕಳು ಅಂಕಕ್ಕೆ ಅಂಕ ಬದಲಾಯಿಸಿಕೊಂಡರು, ಆಟ ಗಣಿತವಾಯಿತು. ಮುಂದಿನ ಸಲ ಕಾರಣ ಬರೆದೆ. ಆಗ ಗಾಣದವರ ಪಾತ್ರದಲ್ಲಿದ್ದ ಹುಡುಗಿ, ರೈತರ ಪಾತ್ರದ ಹುಡುಗ ಹೀಗೆ ಮಾತಾಡಿಕೊಂಡರು:

‘ಅಣ್ಣಾ, ಈ ವಾರನೇ ಬೇಕು ಅಂತೀಯಲ್ಲ, ಯಾಕೆ?’

‘ಹಬ್ಬ ಬಂತಲ್ಲಕ್ಕಾ, ಮನೇಲಿ ಎಣ್ಣೆ ಇಲ್ಲ.’

‘ಹಬ್ಬಕ್ಕೆ 200 ಕೆಜಿ ಬೀಜದ ಎಣ್ಣೆ ಬೇಕೇನು?’

‘ಇಲ್ಲಕ್ಕಾ, ಹತ್ತು ಲೀಟರು ಆದ್ರೆ ಸಾಕು.’

‘ಹಂಗಾದ್ರೆ 25 ಕೆಜಿ ಈಗ ತಾ, ಹಗಲೇ ಹಾಕಿ ಕೊಡ್ತೀನಿ. ಉಳಿದದ್ದು ಮುಂದಿನ ತಿಂಗಳು.’

ಈ ಒಪ್ಪಂದ ನನ್ನ 18ರ ಪಟ್ಟಿಯಲ್ಲೇ ಇರಲಿಲ್ಲ. 25 ಕೆಜಿ ಬೀಜದಿಂದ ಹತ್ತು ಲೀಟರ್ ಎಣ್ಣೆ ಬರುತ್ತೆ, ರೈತರಿಗೆ 600 ಪೂರ್ತಿ ಉಳಿಯಿತು. 30 ಕೆಜಿಯ ಒಳಗೇ ಇದ್ದದ್ದರಿಂದ ಗಾಣದವರಿಗೆ ರಾತ್ರಿ ಖರ್ಚು ಬೀಳಲಿಲ್ಲ. ಒಟ್ಟು 5200 ಆಯಿತು. ‘ಈ ವಾರ’ ಮತ್ತು ‘ಮುಂದಿನ ತಿಂಗಳು’ ಅನ್ನುವುದು ಇಬ್ಬರ ಹಟ. ಹತ್ತು ಲೀಟರು ಮತ್ತು ರಾತ್ರಿಯ ಆಳು ಅನ್ನುವುದು ಇಬ್ಬರ ಅಗತ್ಯ. ಹಟಗಳು ಒಂದಕ್ಕೊಂದು ಹೊಡೆದಾಡಿದರೂ ಅಗತ್ಯಗಳು ಹೊಡೆದಾಡಬೇಕಾಗಿಲ್ಲ.

ಅಮೆರಿಕದ ಮೇರಿ ಪಾರ್ಕರ್ ಫಾಲೆಟ್ 1925ರಲ್ಲೇ ಇಂಥದೇ ಒಂದು ಪ್ರಸಂಗ ಹೇಳಿದ್ದರು. ಗ್ರಂಥಾಲಯದ ಸಣ್ಣ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆರೆದಿರಬೇಕು, ಫಾಲೆಟ್ ಅವರಿಗೆ ಮುಚ್ಚಿರಬೇಕು. ಕೊನೆಗೆ ಯಾರೂ ಇಲ್ಲದ ಪಕ್ಕದ ಕೋಣೆಯ ಕಿಟಕಿ ತೆರೆದರು. ಒಬ್ಬರಿಗೆ ಗಾಳಿ ಬಂತು, ಇನ್ನೊಬ್ಬರ ಮೇಲೆ ನೇರವಾಗಿ ಬೀಸುವುದು ತಪ್ಪಿತು. ಅರ್ಧ ಕಿಟಕಿ ತೆರೆದಿದ್ದರೆ ಇಬ್ಬರಿಗೂ ತೃಪ್ತಿ ಇರುತ್ತಿರಲಿಲ್ಲ. ಕಾರಣ ಬರೆಯದ ಹಾಳೆಯಲ್ಲಿ ಪಕ್ಕದ ಕೋಣೆಯೇ ಇರೋದಿಲ್ಲ.

ಮೂರನೇ ಮಾತು, ‘ಗುಟ್ಟು’ ಅನ್ನುವ ಪದದ ಬಗ್ಗೆ. ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಗುಟ್ಟು ಅಂತ ಬರೆದ ದಿನ ನನ್ನ ತರಗತಿಯಲ್ಲಿ ಒಂದು ಜೋಡಿಯೂ ತಿಳಿ ಎಣ್ಣೆಯ 600 ರೂಪಾಯಿ ಮುಟ್ಟಲಿಲ್ಲ. ಇಬ್ಬರಿಗೂ ಬೇಕಾಗಿದ್ದ ವಿಷಯ ಅದು, ಆದರೂ ಯಾರೂ ಬಾಯಿ ಬಿಡಲಿಲ್ಲ. ಕೇಳಿದರೆ ‘ಸಾರ್, ಗುಟ್ಟು ಅಂದ್ರಲ್ಲ, ಹೇಳಬಾರದು ಅಂದುಕೊಂಡ್ವಿ’ ಅಂದರು. ತಪ್ಪು ಅವರದಲ್ಲ, ನನ್ನದು. ಈಗ ಹಾಳೆಯ ಮೇಲೆ ಹೀಗೆ ಬರೆಯುತ್ತೇನೆ: ‘ಈ ಹಾಳೆಯನ್ನು ತೋರಿಸಬಾರದು. ಇದರಲ್ಲಿರುವುದನ್ನು ಬಾಯಲ್ಲಿ ಹೇಳುವುದು, ಬಿಡುವುದು ನಿಮ್ಮಿಷ್ಟ.’ ತೋರಿಸಿದರೆ ಮಾತುಕತೆಯೇ ಉಳಿಯೋದಿಲ್ಲ, ಇಬ್ಬರೂ ಕೂಡಿ ಲೆಕ್ಕ ಬಿಡಿಸುತ್ತಾರೆ. ಹೇಳಲೇಬಾರದು ಅಂದರೂ ಮಾತುಕತೆ ಉಳಿಯೋದಿಲ್ಲ, ಇಬ್ಬರೂ ಊಹೆ ಮಾಡುತ್ತಾ ಕೂರುತ್ತಾರೆ.

ಹಾಗಾದರೆ ಸುಳ್ಳು ಹೇಳಬಹುದಾ ಅಂತ ನೀವು ಕೇಳುತ್ತೀರಿ. ಪ್ರತಿ ತರಗತಿಯಲ್ಲೂ ಯಾರಾದರೂ ಕೇಳೇ ಕೇಳುತ್ತಾರೆ. ಬೇಡ ಅಂತ ಉಪದೇಶ ಮಾಡುವ ಬದಲು ಲೆಕ್ಕ ಹಾಕಿ ತೋರಿಸುತ್ತೇನೆ. ರೈತರು ‘ಈ ವಾರ ಪೂರ್ತಿ ಅರೆದುಕೊಡಲೇಬೇಕು, ಇಲ್ಲದಿದ್ದರೆ ನನ್ನ ಕಥೆ ಮುಗೀತು’ ಅಂತ ನಾಟಕ ಮಾಡಿದರು ಅನ್ನಿ. ಆಮೇಲೆ ಅದನ್ನು ಬಿಟ್ಟುಕೊಟ್ಟ ಹಾಗೆ ಮಾಡಿ ಕೂಲಿ ಇಳಿಸುವುದು ಅವರ ಉಪಾಯ. ಆದರೆ ಗಾಣದವರು ನಂಬಿಬಿಟ್ಟರು, ‘ಆಯ್ತಪ್ಪ’ ಅಂದು ಒಪ್ಪಿದರು. ಈಗ 1800 ರಾತ್ರಿ ಖರ್ಚು ಬಿತ್ತು. ಹಿಂಡಿ ರೈತರಿಗೇ ಹೋಗಿ, ತಿಳಿ ಎಣ್ಣೆಯೂ ಕೂಡಿಬಂದರೂ ಒಟ್ಟು 4600 ಇದ್ದದ್ದು 3400ಕ್ಕೆ ಇಳಿಯಿತು. ಗಾಣದವರು ತಮ್ಮ ಗೆರೆ ದಾಟಬೇಕಾದರೆ ಕನಿಷ್ಠ 2600 ಕೂಲಿ ಬೇಕು. ಅಷ್ಟಕ್ಕೇ ಅವರು ಒಪ್ಪಿದರೂ ರೈತರಿಗೆ ಉಳಿಯುವುದು 2400. ಸುಳ್ಳಿಲ್ಲದೆ ಕೂಲಿಯನ್ನು ನಡುವೆ ಹಿಡಿದಾಗ 2450 ಬಂದಿತ್ತು. ಸುಳ್ಳು ಪೂರ್ತಿ ಗೆದ್ದರೂ 50 ರೂಪಾಯಿ ಸೋತಿದೆ.

ಆದರೆ ಇದರಿಂದ ಎಲ್ಲವನ್ನೂ ಬಿಚ್ಚಿ ಹೇಳಿಬಿಡಬೇಕು ಅಂತ ಅರ್ಥ ಮಾಡಿಕೊಳ್ಳಬೇಡಿ. ಕಿತ್ತಳೆ ಕಥೆ ಮುಚ್ಚಿಡುವ ಸತ್ಯ ಇದೇ. ಒಟ್ಟು 4600 ಆದ ಮೇಲೂ ಕೂಲಿ 800 ಇರಲೋ 3100 ಇರಲೋ ಅನ್ನುವ ಎಳೆದಾಟ ಉಳಿದೇ ಇರುತ್ತೆ. ಮೌಲ್ಯ ಹೆಚ್ಚಾದಷ್ಟೂ ಹಂಚುವುದಕ್ಕೆ ಇರುವುದೂ ಹೆಚ್ಚು. ರೈತರು ‘1300 ಉಳಿದರೂ ನನಗೆ ಸಾಕು’ ಅಂದುಬಿಟ್ಟರೆ ಜಾಣ ಗಾಣದವರು 3100 ಕೇಳುತ್ತಾರೆ. ಆದ್ದರಿಂದ ಯಾವುದು ಯಾಕೆ ಬೇಕು, ಯಾವುದು ಹೆಚ್ಚು ಬೇಕು ಅನ್ನುವುದನ್ನು ಹೇಳಿ, ಅದರಿಂದ ಒಟ್ಟು ಬೆಳೆಯುತ್ತೆ. ಎಲ್ಲಿ ಎದ್ದು ಹೋಗುತ್ತೀರಿ ಅನ್ನುವ ಗೆರೆಯನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ಅದನ್ನು ಹೇಳಿದರೆ ಒಟ್ಟು ಬೆಳೆಯೋದಿಲ್ಲ, ನಿಮ್ಮ ಪಾಲು ಮಾತ್ರ ಇಳಿಯುತ್ತೆ. ಈ ಎರಡರ ವ್ಯತ್ಯಾಸ ಗೊತ್ತಾಗಬೇಕಾದರೆ ಹಾಳೆಯಲ್ಲಿ ಕೂಲಿಯಂಥ ಒಂದು ನಿಜವಾದ ಎಳೆದಾಟ ಇರಲೇಬೇಕು.

ಒಂದು 40 ನಿಮಿಷದ ಪೀರಿಯಡ್ಡಿನಲ್ಲಿ ಇದು ಮುಗಿಯುತ್ತೆ. ಮೊದಲ 8 ನಿಮಿಷ ರೈತರೆಲ್ಲಾ ಒಂದು ಕಡೆ, ಗಾಣದವರೆಲ್ಲಾ ಒಂದು ಕಡೆ ಕೂತು ತಮ್ಮ ಹಾಳೆ ಅರ್ಥ ಮಾಡಿಕೊಳ್ಳಲಿ. ಆಮೇಲೆ 15 ನಿಮಿಷ ಜೋಡಿಯಾಗಿ ಮಾತು. ಪ್ರತಿ ಜೋಡಿಯ ಪಕ್ಕ ಮೂರನೆಯವರೊಬ್ಬರು ಕೂತು ‘ಯಾಕೆ’ ಅನ್ನುವ ಪ್ರಶ್ನೆ ಎಷ್ಟು ಸಲ ಬಂತು ಅಂತ ಗೆರೆ ಹಾಕಲಿ. ಉಳಿದ ಸಮಯ ಬೋರ್ಡಿನ ಮೇಲೆ. ರೈತರ ಅಂಕ, ಗಾಣದವರ ಅಂಕ, ಒಟ್ಟು ಅಂತ ಮೂರು ಸಾಲು ಬರೆದು ಪಕ್ಕದಲ್ಲೇ ‘ಯಾಕೆ’ ಗೆರೆಗಳ ಲೆಕ್ಕ ಬರೆಯಿರಿ. ಯಾರು ಗೆದ್ದರು ಅಂತ ಕೇಳಬೇಡಿ. ಒಟ್ಟು ಕಡಿಮೆ ಬಂದ ಜೋಡಿಗೆ ‘ನೀವು ಯಾವ ವಿಷಯ ಮಾತಾಡಲೇ ಇಲ್ಲ?’ ಅಂತ ಕೇಳಿ. ಉತ್ತರ ಅವರ ಬಾಯಿಂದಲೇ ಬರುತ್ತೆ.

ಶೇಂಗಾ ನಿಮ್ಮ ಕಡೆಯದಲ್ಲದಿದ್ದರೆ ನಿಮ್ಮ ಊರಿನದೇ ಒಂದು ಜೋಡಿ ಹುಡುಕಿ. ಸೊಲ್ಲಾಪುರ, ಜತ್ತದ ಕಡೆ ಜೋಳದ ಕಾಳು ಒಬ್ಬರಿಗೆ ಹೆಚ್ಚು ಬೇಕು, ಕಣಿಕೆ ಇನ್ನೊಬ್ಬರ ಎತ್ತಿಗೆ ಬೇಕು. ಕಾಸರಗೋಡಿನ ತೋಟದಲ್ಲಿ ಅಡಿಕೆ ಒಬ್ಬರ ಆದಾಯ, ಕೆಳಗೆ ಬಿದ್ದ ಹಾಳೆ ತಟ್ಟೆ ಮಾಡುವವರ ಕಚ್ಚಾ ಸಾಮಾನು. ಮನೆಯಲ್ಲಿ ದೊಡ್ಡವರನ್ನು ಕೇಳಿ: ಕೂಲಿ, ಪಾಲು, ದಿನ ಹೇಗೆ ತೀರ್ಮಾನ ಮಾಡುತ್ತೀರಿ, ಯಾಕೆ ಹಾಗೆ? ಕೆಲವು ಊರುಗಳಲ್ಲಿ ಹಿಂಡಿ ಗಾಣದವರಿಗೆ ಬಿಟ್ಟರೆ ಕೂಲಿ ಕೊಡಬೇಕಾಗಿಲ್ಲ ಅನ್ನುವ ರೂಢಿ ಇದೆ. ದನ ಇಲ್ಲದ ಮನೆಗೆ ಅದು ಸರಿಹೋಗುತ್ತೆ. ನಮ್ಮ ಆಟದ ರೈತರು ಆ ರೂಢಿಗೆ ಒಪ್ಪಿದರೆ, ಈ ವಾರವೇ ಅರೆದು ತಿಳಿ ಎಣ್ಣೆ ಕೊಟ್ಟರೂ ಅವರಿಗೆ ಉಳಿಯುವುದು 1000, ಅವರ ಗೆರೆಗಿಂತ 300 ಕಡಿಮೆ. ಅವರ ಎಮ್ಮೆಗಳ ವಿಷಯ ರೂಢಿಗೆ ಗೊತ್ತಿರಲಿಲ್ಲ. ಯಾರಾದರೂ ಕೇಳಬೇಕಿತ್ತು.